ಇಯರ್‌ಫೋನಿನಲ್ಲಿ ‘ಹಾಕ್ಬಾರ್ದು’, ಫೋನಿನಲ್ಲಿ ಬರೀ ‘ಹಾಕ್’: ಒಂದು ತೋಟದ ವಿಡಿಯೋದ ಧ್ವನಿ ರಿಪೇರಿ

ಮಳೆಗಾಲಕ್ಕೆ ಮುಂಚೆ ಅಡಿಕೆ ತೋಟದಲ್ಲಿ ಚಿತ್ರೀಕರಿಸಿದ 11 ನಿಮಿಷದ ಒಂದು ವಿಡಿಯೋ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ತಯಾರಿಸುವುದು ಹೇಗೆ ಎಂದು ಅನುಭವಿ ಕೃಷಿಕರೊಬ್ಬರು ತೋರಿಸುತ್ತಾರೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್‌ಗಳಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿರುಗಾಮುರುಗಾ ಮಾಡಿದರೆ ಒರಟು ಗಷ್ಟು ಕಟ್ಟಿ ದ್ರಾವಣ ಕೆಡುತ್ತದೆ. ಕೃಷಿಕರು ಅದನ್ನು ಒಂದೇ ವಾಕ್ಯದಲ್ಲಿ ಎಚ್ಚರಿಸುತ್ತಾರೆ: ‘ಮೈಲುತುತ್ತದ ನೀರಿಗೆ ಸುಣ್ಣದ ನೀರು ಹಾಕ್ಬಾರ್ದು.’

ಎಡಿಟಿಂಗ್ ಟೇಬಲ್ಲಿನ ಹೆಡ್‌ಫೋನಿನಲ್ಲಿ ಈ ವಾಕ್ಯ ಸರಿಯಾಗಿಯೇ ಕೇಳುತ್ತಿತ್ತು. ಫೋನಿನ ಸ್ಪೀಕರ್‌ನಲ್ಲಿ ಕೇಳಿದವರಿಗೆ ‘ಹಾಕ್’ ತನಕ ಬಂದು, ಮುಂದಿನದು ಕೊಳಲು ಮತ್ತು ಜೀರುಂಡೆ ಸದ್ದಿನಲ್ಲಿ ಕರಗಿಹೋಯಿತು. ‘ಹಾಕ್ಬೇಕು’ ಎಂದು ತಿಳಿದವರೂ ಇದ್ದರು. ಅದೇ ವಿಡಿಯೋದಲ್ಲಿ ಪವರ್ ಸ್ಪ್ರೇಯರ್ ಶುರುವಾದ ಕೂಡಲೇ ಎಲ್ಲರೂ ವಾಲ್ಯೂಮ್ ಇಳಿಸಬೇಕಾಗುತ್ತಿತ್ತು.

ಕನ್ನಡದ ಮಾತನ್ನು ಮಿಕ್ಸ್ ಮಾಡುವವರು ಮೊದಲು ಗಮನಿಸಬೇಕಾದದ್ದು ಇದೇ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬೇಕು–ಬೇಡ, ಮಾಡ್ತೀವಿ–ಮಾಡಲ್ಲ, ಹಾಕ್ಬೇಕು–ಹಾಕ್ಬಾರ್ದು ಎಂಬ ತೀರ್ಮಾನವೂ ಅಲ್ಲೇ ಇರುತ್ತದೆ. ಮಾತಾಡುವವರ ಉಸಿರು ಮುಗಿದು ದನಿ ಇಳಿಯುವುದೂ ಅಲ್ಲೇ. ಇಡೀ ವಾಕ್ಯ ಕೇಳಿಸಿ ಬಾಲ ಮಾತ್ರ ಹೋದರೆ ಅರ್ಥ ಅರ್ಧ ಉಳಿಯುವುದಿಲ್ಲ, ಪೂರ್ತಿ ತಿರುಗಿಬಿಡುತ್ತದೆ. ಆದ್ದರಿಂದ ಈ ರಿಪೇರಿಯ ಎಲ್ಲ ಹಂತಗಳನ್ನೂ ವಾಕ್ಯದ ಬಾಲ ಫೋನಿನಲ್ಲಿ ಕೇಳುತ್ತದೆಯೇ ಎಂಬ ಒಂದೇ ಒರೆಗಲ್ಲಿಗೆ ಹಚ್ಚಿ ನೋಡಲಾಯಿತು.

ಮೀಟರ್ ಸುಳ್ಳು ಹೇಳಲಿಲ್ಲ, ಆದರೆ ಕೇಳಿದ ಪ್ರಶ್ನೆ ತಪ್ಪಾಗಿತ್ತು

ಅಪ್‌ಲೋಡ್ ಮಾಡುವ ಮುಂಚೆ ಲೌಡ್‌ನೆಸ್ ಅಳೆದಾಗ ಇಡೀ ವಿಡಿಯೋಗೆ −17 ಎಲ್‌ಯುಎಫ್‌ಎಸ್ ಬಂದಿತ್ತು. ಕಿವಿಗೆ ಎಷ್ಟು ಜೋರು ಎನಿಸುತ್ತದೆ ಎಂಬುದರ ಅಳತೆ ಇದು, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಯೂಟ್ಯೂಬ್‌ನ ಆಧಾರ ಮಟ್ಟ −14. ‘3 ಡೆಸಿಬೆಲ್ ತಾನೇ ಕಡಿಮೆ’ ಎಂದು ಹಾಗೇ ಬಿಡಲಾಗಿತ್ತು. ಯೂಟ್ಯೂಬ್ ಜೋರಾಗಿರುವುದನ್ನು ಇಳಿಸುತ್ತದೆ, ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಹಾಗಾಗಿ ಈ ವಿಡಿಯೋ ಇದ್ದಂತೆಯೇ ನುಡಿಯಿತು.

ಭಾಗ ಭಾಗವಾಗಿ ಅಳೆದಾಗ ಬೇರೆಯದೇ ಚಿತ್ರ ಕಂಡಿತು. ಎಂಟೂವರೆ ನಿಮಿಷದ ಮಾತು −22ರಲ್ಲಿತ್ತು. 2 ನಿಮಿಷದ ಸ್ಪ್ರೇ ದೃಶ್ಯ, ಅಂದರೆ ಪಂಪಿನ ಎಂಜಿನ್ ಮತ್ತು ಅದರ ಮೇಲೊಂದು ಸಂಗೀತ, −12ರಲ್ಲಿತ್ತು. ಆರಂಭದ ಅರ್ಧ ನಿಮಿಷದ ಟೈಟಲ್ ಸಂಗೀತ −11. ಸರಾಸರಿಯನ್ನು ಶಕ್ತಿಯ ಲೆಕ್ಕದಲ್ಲಿ ತೆಗೆಯುವುದರಿಂದ 10 ಡೆಸಿಬೆಲ್ ಜೋರಾದ ಒಂದು ನಿಮಿಷವು ಹತ್ತು ನಿಮಿಷದ ಮಾತಿಗೆ ಸಮ ತೂಗುತ್ತದೆ. ಎರಡೂವರೆ ನಿಮಿಷದ ಗದ್ದಲ ಸೇರಿ ಇಡೀ ವಿಡಿಯೋದ ಅಂಕಿಯನ್ನು −17ಕ್ಕೆ ಎಳೆದಿತ್ತು. ನೋಡುಗರು ಕೇಳಲು ಬಂದ ಮಾತು ಮಾತ್ರ, −14ರಲ್ಲಿ ಮಾತಾಡುವ ಬೇರೊಂದು ವಿಡಿಯೋಗಿಂತ 8 ಡೆಸಿಬೆಲ್ ಕೆಳಗಿತ್ತು. ಫೋನಿನ ವಾಲ್ಯೂಮ್ ಪೂರ್ತಿ ಏರಿಸಿದರೂ ಆ ಕೊರತೆ ತುಂಬುವುದಿಲ್ಲ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಇಡೀ ಟೈಮ್‌ಲೈನನ್ನು 3 ಡೆಸಿಬೆಲ್ ಎತ್ತಿ −14 ಮಾಡಿಬಿಡುವುದು. ಹಾಗೆ ಮಾಡಿದ್ದರೆ ಮಾತು −19ಕ್ಕೆ ಬಂದು ನಿಲ್ಲುತ್ತಿತ್ತು, ಪಂಪು −9ಕ್ಕೆ ಹೋಗಿ ಕಿವಿಗೆ ಬಡಿಯುತ್ತಿತ್ತು. ಅಂಕಿ ಸರಿಹೋಗಿ ವಿಡಿಯೋ ಇನ್ನೂ ಕೆಡುತ್ತಿತ್ತು. ಆದ್ದರಿಂದ ಮೊದಲು ಮಾತಿನ ಟ್ರ್ಯಾಕನ್ನು ಸೋಲೋ ಮಾಡಿ, ಅದೊಂದನ್ನೇ ಅಳೆಯಬೇಕು. ಡವಿಂಚಿ ರಿಸಾಲ್ವ್‌ನ ಫೇರ್‌ಲೈಟ್ ಪುಟದಲ್ಲಿ ಲೌಡ್‌ನೆಸ್ ಮೀಟರ್ ಇದೆ. ಬೇರೆ ಎಡಿಟರ್ ಬಳಸುವವರು ಯೂಲೀನ್‌ನ ಉಚಿತ ಪ್ಲಗಿನ್ ಹಾಕಿಕೊಳ್ಳಬಹುದು. ರಫ್ತು ಮಾಡಿದ ಫೈಲ್ ಅಳೆಯಲು ಒಂದೇ ಸಾಲು ಸಾಕು:

```
ffmpeg -hide_banner -i video.mp4 -af ebur128=peak=true -f null -
```

ಕೊನೆಯಲ್ಲಿ ಬರುವ `I:` ಒಟ್ಟಾರೆ ಲೌಡ್‌ನೆಸ್, `True peak` ಕೆಳಗಿನ `Peak:` ಅತಿ ಎತ್ತರದ ತುದಿ.

ಫೋನಿಗೆ ಏನು ಕೇಳಿಸುವುದಿಲ್ಲ

ಫೋನಿನ ಪುಟ್ಟ ಸ್ಪೀಕರ್ ಸುಮಾರು 300–400 ಹರ್ಟ್ಸ್‌ಗಿಂತ ಕೆಳಗೆ ಬೇಗ ಸೋಲುತ್ತದೆ. ದೊಡ್ಡ ಫೋನುಗಳು ಸ್ವಲ್ಪ ಕೆಳಗಿಳಿಯುತ್ತವೆ, ಅಗ್ಗದವು ಇನ್ನೂ ಮೇಲೆಯೇ ಕೈಬಿಡುತ್ತವೆ. ಗಂಡಸಿನ ದನಿಯ ಮೂಲ ಕಂಪನ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್. ಹೆಡ್‌ಫೋನಿನಲ್ಲಿ ದನಿಗೆ ಮೈ ತುಂಬುವ ಆ ಎದೆಯ ಭಾಗ ಫೋನಿನಲ್ಲಿ ಇರುವುದೇ ಇಲ್ಲ. ಆದರೂ ಇದು ಗಂಡಸಿನ ದನಿ ಎಂದು ಗೊತ್ತಾಗುವುದು, ಮೇಲಿನ ಹಾರ್ಮೋನಿಕ್‌ಗಳ ನಡುವಿನ ಅಂತರ ನೋಡಿ ಮೂಲ ಸ್ವರವನ್ನು ಮಿದುಳೇ ಊಹಿಸಿಕೊಳ್ಳುವುದರಿಂದ. ಫೋನಿನಲ್ಲಿ ದನಿ ತೆಳ್ಳಗಿದೆ ಎಂದು 120 ಹರ್ಟ್ಸ್ ಎತ್ತುವವರಿದ್ದಾರೆ. ಆ ಎತ್ತಿದ ಭಾಗ ಫೋನಿನಲ್ಲಿ ಕೇಳಿಸುವುದಿಲ್ಲ. ತುದಿಗಳು ಮಿತಿ ಮೀರದಂತೆ ತಡೆಯುವ ಲಿಮಿಟರ್‌ನ ಜಾಗ ತಿನ್ನುತ್ತದೆ, ಹೆಡ್‌ಫೋನಿನಲ್ಲಿ ಮಾತ್ರ ಗುಮ್ಮೆನ್ನುತ್ತದೆ.

ಈ ಪ್ರಕರಣದ ಮುಖ್ಯ ಸಂಗತಿ ಇಲ್ಲಿದೆ. ಮಾತಿನ ಕೆಳಗೆ ಕೊಳಲಿನ ಸಂಗೀತ ಹರಿಯುತ್ತಿತ್ತು. ಹೆಡ್‌ಫೋನಿನಲ್ಲಿ ಮಾತು −22, ಸಂಗೀತ −34, ಅಂತರ 12. ಕೇಳಲು ಹಿತವಾಗಿಯೇ ಇತ್ತು. ಆದರೆ ಫೋನು ಎರಡರಿಂದಲೂ ಒಂದೇ ಪ್ರಮಾಣದಲ್ಲಿ ಕಿತ್ತುಕೊಳ್ಳುವುದಿಲ್ಲ. ಮಾತಿನ ಶಕ್ತಿಯ ಬಹುಪಾಲು ಕೆಳಗಿರುವುದರಿಂದ ಅದಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ. ಕೊಳಲು ಇರುವುದೇ ಮೇಲೆ. ಅದು ಹೆಚ್ಚುಕಡಿಮೆ ಇಡಿಯಾಗಿ ಪಾರಾಗುತ್ತದೆ. ಫೋನಿನ ಹಾಗೆ ಕೆಳಭಾಗ ಕತ್ತರಿಸಿ ಅಳೆದಾಗ ಮಾತು −27ಕ್ಕೆ ಬಿತ್ತು, ಸಂಗೀತ −35ರಲ್ಲಿ ನಿಂತಿತು. ಅಂತರ 12ರಿಂದ 8ಕ್ಕೆ ಇಳಿಯಿತು, ಅದೂ ಸರಾಸರಿಯಲ್ಲಿ. ವಾಕ್ಯದ ಬಾಲದಲ್ಲಿ ಅಂತರವೇ ಇರಲಿಲ್ಲ.

ಈ ಅಳತೆಗೆ ಮಾತು ಮತ್ತು ಸಂಗೀತವನ್ನು ಬೇರೆ ಬೇರೆ ಸ್ಟೀರಿಯೋ ಫೈಲಾಗಿ ರಫ್ತು ಮಾಡಿಕೊಂಡು, ಎರಡರ ಮೇಲೂ ಇದನ್ನು ಓಡಿಸಬೇಕು:

```
ffmpeg -hide_banner -i voice.wav -af "pan=mono|c0=0.5*c0+0.5*c1,highpass=f=400,highpass=f=400,ebur128=dualmono=true" -f null -
```

ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡುವುದು, 400 ಹರ್ಟ್ಸ್ ಕೆಳಗೆ ಕಡಿದಾಗಿ ಇಳಿಸುವುದು, ಆಮೇಲೆ ಅಳೆಯುವುದು. ಇಷ್ಟೇ ಅದರ ಕೆಲಸ. ಯಾವ ಫೋನಿನ ನಿಖರ ನಕಲೂ ಇದಲ್ಲ. ಬಂದ ಎರಡು `I:` ಅಂಕಿಗಳ ನಡುವಿನ ವ್ಯತ್ಯಾಸ ಮಾತ್ರ ನಮಗೆ ಬೇಕು. ಸೂಚನೆ ಕೊಡುವ ಮಾತಿನ ಕೆಳಗೆ ಈ ಅಂತರ 15ಕ್ಕಿಂತ ಕಡಿಮೆ ಇದ್ದರೆ ಸಂಗೀತ ಹೆಚ್ಚಾಗಿದೆ ಎಂದೇ ಹಿಡಿಯಬಹುದು. ಹೆಡ್‌ಫೋನಿನಲ್ಲಿ ಕೇಳಿ ಸಂಗೀತದ ಮಟ್ಟ ಇಡುವ ಅಭ್ಯಾಸವೇ ಈ ತಪ್ಪಿನ ಬೇರು.

ಎರಡು ಮೈಕು, ಒಂದೇ ಬಾಯಿ

ಮಾತಿನ ಟ್ರ್ಯಾಕ್ ಮುಟ್ಟುವ ಮೊದಲೇ ಇನ್ನೊಂದು ದೋಷ ಸಿಕ್ಕಿತು. ಕ್ಯಾಮೆರಾದ ಮೊದಲ ಚಾನೆಲ್‌ಗೆ ವೈರಿನ ಕಾಲರ್ ಮೈಕ್ ಹೋಗಿತ್ತು, ಎರಡನೆಯದಕ್ಕೆ ಕ್ಯಾಮೆರಾದ ಸ್ವಂತ ಮೈಕ್. ಎಡಿಟಿಂಗ್‌ನಲ್ಲಿ ಅದು ಸ್ಟೀರಿಯೋ ಕ್ಲಿಪ್ಪಾಗಿ ಕೂತಿತ್ತು: ಎಡಗಿವಿಗೆ ಕಾಲರ್ ಮೈಕ್, ಬಲಗಿವಿಗೆ ಕ್ಯಾಮೆರಾ. ಹೆಡ್‌ಫೋನಿನಲ್ಲಿ ಮಾತು ಸ್ವಲ್ಪ ಎಡಕ್ಕೆ ವಾಲಿ, ಹಿಂದೆ ತೋಟದ ಗಾಳಿ ಹರಡಿದ ಹಾಗೆ ಕೇಳುತ್ತಿತ್ತು. ತಪ್ಪೆಂದು ಯಾರಿಗೂ ಅನಿಸುವುದಿಲ್ಲ.

ಒಂದೇ ಸ್ಪೀಕರಿನ ಫೋನಿನಲ್ಲಿ ಎರಡೂ ಚಾನೆಲ್ ಕೂಡುತ್ತವೆ. ಕ್ಯಾಮೆರಾ ಸುಮಾರು ಎರಡೂವರೆ ಮೀಟರ್ ದೂರದಲ್ಲಿತ್ತು. ಸದ್ದು ಅಲ್ಲಿಗೆ ಕಾಲರ್ ಮೈಕಿಗಿಂತ ಸುಮಾರು 7 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಒಂದೇ ದನಿ 7 ಮಿಲಿಸೆಕೆಂಡ್ ಅಂತರದಲ್ಲಿ ತನ್ನ ಮೇಲೆ ತಾನೇ ಬಿದ್ದಾಗ ಸುಮಾರು 70 ಹರ್ಟ್ಸ್‌ನಿಂದ ಶುರುವಾಗಿ ಪ್ರತಿ 140 ಹರ್ಟ್ಸ್‌ಗೆ ಒಂದೊಂದು ತಗ್ಗು ಬೀಳುತ್ತದೆ, ಬಾಚಣಿಗೆಯ ಹಲ್ಲುಗಳ ಹಾಗೆ. ಕೇಳುವವರಿಗೆ ಡ್ರಮ್ಮಿನೊಳಗೆ ಬಾಯಿಟ್ಟು ಮಾತಾಡಿದಂತಿರುತ್ತದೆ. ಇದನ್ನು ಈಕ್ವಲೈಸರ್‌ನಿಂದ ಸರಿಮಾಡಲಾಗದು, ಏಕೆಂದರೆ ತಗ್ಗುಗಳು ಒಂದೆರಡಲ್ಲ, ಮಾತಿನ ಉದ್ದಗಲಕ್ಕೂ ಇವೆ.

ಪತ್ತೆ ಮಾಡುವುದು ಸುಲಭ: ಮಾಸ್ಟರ್‌ನಲ್ಲಿ ಮೋನೋ ಬಟನ್ ಒತ್ತಿ. ದನಿ ದೂರ ಹೋದಂತೆ ಅಥವಾ ಟೊಳ್ಳಾದಂತೆ ಅನಿಸಿದರೆ ಎರಡು ಮೈಕಿನ ಜಗಳವಿದೆ ಎಂದೇ ಅರ್ಥ. ಪರಿಹಾರವೂ ಅಷ್ಟೇ ನೇರ. ಕ್ಲಿಪ್ಪನ್ನು ಎರಡು ಮೋನೋ ಟ್ರ್ಯಾಕಾಗಿ ಒಡೆದು, ಕಾಲರ್ ಮೈಕನ್ನು ನಡುವೆ ತಂದು, ಮಾತು ನಡೆಯುವಾಗ ಕ್ಯಾಮೆರಾ ಮೈಕನ್ನು ಪೂರ್ತಿ ಮ್ಯೂಟ್ ಮಾಡಲಾಯಿತು. ತೋಟದ ವಾತಾವರಣ ಬೇಕೆನಿಸಿದ ಕಡೆ, ಯಾರೂ ಮಾತಾಡದಿದ್ದಾಗ ದಾಖಲಾದ 40 ಸೆಕೆಂಡಿನ ತುಣುಕನ್ನು ಮೆಲ್ಲಗೆ ಹಾಸಲಾಯಿತು. ಅದರಲ್ಲಿ ಮಾತಿಲ್ಲದ್ದರಿಂದ ಜಗಳಕ್ಕೆ ಆಸ್ಪದವಿಲ್ಲ.

ಬಾಲ ಎತ್ತುವುದು

ಈಗ ಆ ವಾಕ್ಯವನ್ನೇ ಹತ್ತಿರದಿಂದ ನೋಡೋಣ. ‘ಮೈಲುತುತ್ತದ ನೀರಿಗೆ’ ಎನ್ನುವಾಗ ಕ್ಷಣಿಕ ಲೌಡ್‌ನೆಸ್ −18. ‘ಸುಣ್ಣದ ನೀರು’ −21. ‘ಹಾಕ್’ −24. ‘ಬಾರ್ದು’ ಬರುವಷ್ಟರಲ್ಲಿ −31. ಕೆಳಗೆ ಸಂಗೀತ ಮತ್ತು ಜೀರುಂಡೆ ಸೇರಿ −32. ಒಂದೇ ಉಸಿರಿನಲ್ಲಿ 13 ಡೆಸಿಬೆಲ್ ಇಳಿತ. ಜೊತೆಗೆ, ‘ಬಾ’ ಮತ್ತು ‘ಬೇ’ ಬೇರೆಬೇರೆ ಎಂದು ಕಿವಿ ಗುರುತಿಸುವುದು ಬಹುಮಟ್ಟಿಗೆ 1ರಿಂದ 2 ಕಿಲೋಹರ್ಟ್ಸ್ ನಡುವಿನ ಅನುರಣನದಿಂದ. ಕೊಳಲಿನ ಮೇಲಿನ ಸ್ವರಗಳೂ ಅವುಗಳ ಹಾರ್ಮೋನಿಕ್‌ಗಳೂ ಕೂರುವ ಜಾಗ ಅದೇ.

ಇದಕ್ಕೆ ಕಂಪ್ರೆಸರ್ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಮೊದಲ ಸಲ ಹಾಕಿಯೂ ಇದ್ದರು, ರಿಲೀಸ್ 500 ಮಿಲಿಸೆಕೆಂಡ್ ಇಟ್ಟು. ವಾಕ್ಯದ ಜೋರಾದ ತಲೆಯನ್ನು ಕಂಪ್ರೆಸರ್ ಒತ್ತುತ್ತದೆ. ನಿಧಾನದ ರಿಲೀಸ್ ಇದ್ದರೆ ಆ ಒತ್ತಡವನ್ನು ಬಿಡುವ ಹೊತ್ತಿಗೆ ಬಾಲವೂ ಮುಗಿದಿರುತ್ತದೆ. ಅಂದರೆ ಮೆಲ್ಲಗಿದ್ದ ‘ಬಾರ್ದು’ ಇನ್ನೂ ಕೆಲವು ಡೆಸಿಬೆಲ್ ಕೆಳಗೆ ಹೋಗಿತ್ತು. ಅಲೆರೂಪದಲ್ಲಿ ಇದು ಕಣ್ಣಿಗೇ ಕಾಣುತ್ತಿತ್ತು.

ಹಾಗಾಗಿ ಕಂಪ್ರೆಸರ್‌ಗಿಂತ ಮುಂಚೆ ಕೈಯಿಂದಲೇ ಕೆಲಸ ಮಾಡಬೇಕು. ಪ್ರತಿ ವಾಕ್ಯದಲ್ಲೂ ದನಿ ಇಳಿಯುವ ಜಾಗದಲ್ಲಿ ಕ್ಲಿಪ್ ಕತ್ತರಿಸಿ, ಬಾಲದ ತುಂಡಿನ ಗೇನ್ ಎತ್ತುವುದು. ಕತ್ತರಿಸುವುದು ಸ್ವರದ ಮಧ್ಯದಲ್ಲಲ್ಲ, ‘ಕ್’, ‘ಪ್’, ‘ತ್’ನಂಥ ವ್ಯಂಜನಕ್ಕೆ ಮುಂಚೆ ಬರುವ ಕಿರು ಮೌನದಲ್ಲಿ. ಇಲ್ಲಿ ‘ನೀರು’ ಮತ್ತು ‘ಹಾಕ್’ ನಡುವೆ ಒಂದು, ‘ಹಾಕ್’ನ ‘ಕ್’ ತಡೆಯಲ್ಲಿ ಇನ್ನೊಂದು. ‘ಹಾಕ್’ಗೆ 3 ಡೆಸಿಬೆಲ್, ‘ಬಾರ್ದು’ಗೆ 7. ಕತ್ತರಿಸಿದ ಜಾಗಕ್ಕೆ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಕೊಡದಿದ್ದರೆ ಹೆಡ್‌ಫೋನಿನಲ್ಲಿ ಚಿಟಿಕೆ ಹೊಡೆದ ಸದ್ದು ಬರುತ್ತದೆ. ಕತ್ತರಿಸಲು ಇಷ್ಟವಿಲ್ಲದವರು ವಾಲ್ಯೂಮ್ ಗೆರೆಯ ಮೇಲೆ ಕೀಫ್ರೇಮ್ ಇಟ್ಟು ನಿಧಾನವಾಗಿ ಏರಿಸಬಹುದು, ಫಲ ಒಂದೇ.

ತಲೆ–ಬಾಲದ ನಡುವೆ 5–6 ಡೆಸಿಬೆಲ್ ಇಳಿತ ಉಳಿಸಿಕೊಳ್ಳಬೇಕು. ಪೂರ್ತಿ ಸಮ ಮಾಡಿದರೆ ಕೃಷಿಕರು ಪ್ರತಿ ವಾಕ್ಯದ ಕೊನೆಯಲ್ಲೂ ಒತ್ತಿ ಹೇಳುತ್ತಿದ್ದಾರೆ ಎನಿಸಿ, ಸಹಜ ಮಾತು ಭಾಷಣದ ಹಾಗಾಗುತ್ತದೆ. ಎಂಟೂವರೆ ನಿಮಿಷದ ಮಾತಿಗೆ ಇದು ಒಂದೆರಡು ಗಂಟೆಯ ಕೆಲಸ. ಸಮಯವಿಲ್ಲದಿದ್ದರೆ ಅಳತೆ, ಕ್ರಮ ಮತ್ತು ‘ಬೇಡ’ ಎನ್ನುವ ವಾಕ್ಯಗಳನ್ನು ಮಾತ್ರ ಆರಿಸಿಕೊಳ್ಳಿ. ‘ನಮ್ಮಜ್ಜನ ಕಾಲದಿಂದ್ಲೂ ಹೀಗೇ’ ಎಂಬ ವಾಕ್ಯದ ಬಾಲ ಹೋದರೆ ತೋಟಕ್ಕೆ ನಷ್ಟವಿಲ್ಲ.

ಬಾಲ ಎತ್ತಿದ ಮೇಲೆ ಕಂಪ್ರೆಸರ್‌ಗೆ ಕೆಲಸ ಕಡಿಮೆ. ಅನುಪಾತ 3ಕ್ಕೆ 1, ಅಟ್ಯಾಕ್ 15 ಮಿಲಿಸೆಕೆಂಡ್, ರಿಲೀಸ್ 100 ಮಿಲಿಸೆಕೆಂಡ್, ಜೋರಾದ ಪದಗಳಲ್ಲಿ 4 ಡೆಸಿಬೆಲ್ ಒತ್ತುವಷ್ಟು ಥ್ರೆಶೋಲ್ಡ್. ಅಟ್ಯಾಕನ್ನು 1–2 ಮಿಲಿಸೆಕೆಂಡಿಗೆ ಇಳಿಸಿದರೆ ‘ಪ’, ‘ಟ’, ‘ಕ’ಗಳ ಮೊನೆ ಮೊಂಡಾಗುತ್ತದೆ, ಫೋನಿನಲ್ಲಿ ಪದಗಳನ್ನು ಬಿಡಿಸಿ ಕೇಳಲು ಆ ಮೊನೆಯೇ ಬೇಕು.

ಎದೆಯ ಮೈಕಿನ ಬಣ್ಣ

ಕಾಲರ್ ಮೈಕ್ ಬಾಯಿಯ ಮುಂದಿರುವುದಿಲ್ಲ, ಎದೆಯ ಮೇಲೆ ಗಲ್ಲದ ನೆರಳಿನಲ್ಲಿರುತ್ತದೆ. ಅಲ್ಲಿಗೆ ವ್ಯಂಜನಗಳ 2ರಿಂದ 4 ಕಿಲೋಹರ್ಟ್ಸ್ ಭಾಗ ಸೊರಗಿ ಬರುತ್ತದೆ, 700–800 ಹರ್ಟ್ಸ್ ಆಸುಪಾಸು ಉಬ್ಬಿ ಬರುತ್ತದೆ. ಅದನ್ನು ಹಿಂದಿರುಗಿಸುವುದೇ ಈಕ್ವಲೈಸರ್‌ನ ಕೆಲಸ. ಇಲ್ಲಿ 90 ಹರ್ಟ್ಸ್ ಕೆಳಗೆ ಹೈಪಾಸ್, 750ರಲ್ಲಿ ಅಗಲವಾಗಿ 3 ಡೆಸಿಬೆಲ್ ಇಳಿಕೆ, 3 ಕಿಲೋಹರ್ಟ್ಸ್‌ನಲ್ಲಿ ಅಗಲವಾಗಿ 4 ಡೆಸಿಬೆಲ್ ಏರಿಕೆ. ಹೈಪಾಸನ್ನು 200ಕ್ಕೆ ಏರಿಸಿದರೆ ಫೋನಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಹೆಡ್‌ಫೋನಿನಲ್ಲಿ ಮಾತ್ರ ದನಿ ಹಳೆಯ ಲ್ಯಾಂಡ್‌ಲೈನ್ ಫೋನಿನಂತಾಗುತ್ತದೆ. ಫೋನಿಗಾಗಿ ಹೆಡ್‌ಫೋನಿನವರನ್ನು ಕಳೆದುಕೊಳ್ಳಬೇಕಿಲ್ಲ.

ಮೇಲ್ಭಾಗ ಎತ್ತಿದ ಕೂಡಲೇ ಎರಡು ತೊಂದರೆ ತಲೆ ಎತ್ತಿದವು. ಒಂದು, ‘ಸುಣ್ಣ’ದ ‘ಸ’ ಇಯರ್‌ಫೋನಿನಲ್ಲಿ ಚುಚ್ಚತೊಡಗಿತು. ಈ ವಿಡಿಯೋದಲ್ಲಿ ‘ಸುಣ್ಣ’ ಮತ್ತೆ ಮತ್ತೆ ಬರುತ್ತದೆ. ಡಿ–ಎಸ್ಸರ್ ಅನ್ನು 6.5 ಕಿಲೋಹರ್ಟ್ಸ್‌ಗೆ ಇಟ್ಟು, ಆ ಅಕ್ಷರದಲ್ಲಿ ಮಾತ್ರ 3–4 ಡೆಸಿಬೆಲ್ ಇಳಿಯುವಂತೆ ಮಾಡಲಾಯಿತು. ಇನ್ನೂ ಹೆಚ್ಚು ಒತ್ತಿದರೆ ‘ಸ’, ‘ಶ’ ಒಂದೇ ಆಗಿ ನಾಲಗೆ ತೊದಲಿದಂತಾಗುತ್ತದೆ.

ಇನ್ನೊಂದು ಜೀರುಂಡೆ. ಸ್ಪೆಕ್ಟ್ರಮ್‌ನಲ್ಲಿ ಅದು 5 ಕಿಲೋಹರ್ಟ್ಸ್ ಬಳಿ ಒಂದು ಗೆರೆಯಾಗಿ ಎದ್ದು ಕಾಣುತ್ತಿತ್ತು. ಮೊದಲು ನಾಯ್ಸ್ ರಿಡಕ್ಷನ್ ಅನ್ನು ಗಟ್ಟಿಯಾಗಿ ಹಾಕಿ ನೋಡಲಾಯಿತು: ಫೋನಿನಲ್ಲಿ ಅಚ್ಚುಕಟ್ಟಾಗಿ ಕೇಳಿತು, ಇಯರ್‌ಫೋನಿನಲ್ಲಿ ಪ್ರತಿ ಪದದ ಸುತ್ತಲೂ ನೀರಿನ ಗುಳ್ಳೆಯಂಥ ಸದ್ದು. ಅದನ್ನು ತೆಗೆದು, ಆ ಗೆರೆಯ ಮೇಲಷ್ಟೇ ಕಿರಿದಾದ 8 ಡೆಸಿಬೆಲ್ ಕಡಿತ ಇಟ್ಟು, ನಾಯ್ಸ್ ರಿಡಕ್ಷನ್ ಅನ್ನು 6 ಡೆಸಿಬೆಲ್‌ಗೆ ನಿಲ್ಲಿಸಲಾಯಿತು. ಇದು ಕಂಪ್ರೆಸರ್‌ಗಿಂತ ಮುಂಚೆ ಬರಬೇಕು. ನಂತರ ಬಂದರೆ, ಮಾತು ನಿಂತಾಗೆಲ್ಲ ಕಂಪ್ರೆಸರ್ ಕೈಬಿಟ್ಟು ಜೀರುಂಡೆ ಏರುವುದು, ಮಾತು ಬಂದಾಗ ತಗ್ಗುವುದು. ಈ ಏರಿಳಿತವೇ ಇಯರ್‌ಫೋನಿನವರನ್ನು ದಣಿಸುತ್ತದೆ. ಜೀರುಂಡೆ ಪೂರ್ತಿ ಹೋಗಲಿಲ್ಲ. ಹೋಗಬೇಕಾಗಿಯೂ ಇಲ್ಲ, ಮಳೆಗಾಲದ ಮುಂಚಿನ ತೋಟ ಎಂದು ಗೊತ್ತಾಗುವುದು ಅದರಿಂದಲೇ.

ಸಂಗೀತ ಮತ್ತು ಪಂಪು

ಸಂಗೀತದ ಬಗ್ಗೆ ತೆಗೆದುಕೊಂಡ ತೀರ್ಮಾನ ಸರಳ: ಅಳತೆ ಹೇಳುವಾಗ, ಸುರಿಯುವ ಕ್ರಮ ಹೇಳುವಾಗ ಸಂಗೀತವೇ ಬೇಡ. ಉಳಿದ ಕಡೆ ಕೊಳಲಿನ ಟ್ರ್ಯಾಕಿನಲ್ಲಿ 2 ಕಿಲೋಹರ್ಟ್ಸ್ ಸುತ್ತ ಅಗಲವಾಗಿ 5 ಡೆಸಿಬೆಲ್ ತೆಗೆದು, ಮಟ್ಟವನ್ನು −33ಕ್ಕೆ ಇಡಲಾಯಿತು. ಮಾತು −15ಕ್ಕೆ ಏರಿದ್ದರಿಂದ ಹೆಡ್‌ಫೋನಿನಲ್ಲಿ ಅಂತರ 18. ಫೋನಿನ ಫಿಲ್ಟರ್ ಹಾಕಿ ಅಳೆದಾಗ 15. ಮೊದಲಿಗೆ ಹೋಲಿಸಿದರೆ ಮಾತು ಫೋನಿನಲ್ಲಿ ಕಳೆದುಕೊಳ್ಳುವುದೂ ಕಡಿಮೆಯಾಗಿತ್ತು, 3 ಕಿಲೋಹರ್ಟ್ಸ್ ಎತ್ತಿದ್ದರ ಫಲ ಅದು.

ಮಾತು ಬಂದಾಗ ಸಂಗೀತ ತಾನಾಗಿ ತಗ್ಗುವ ಡಕ್ಕಿಂಗ್ ಬಳಸುವುದಾದರೆ ಅದರ ರಿಲೀಸ್ ಒಂದು ಸೆಕೆಂಡಿಗಿಂತ ಹೆಚ್ಚಿರಲಿ. ಬೇಗ ಬಿಟ್ಟರೆ, ದನಿ ಇಳಿಯುವ ವಾಕ್ಯದ ಬಾಲದಲ್ಲೇ ‘ಮಾತು ಮುಗಿಯಿತು’ ಎಂದು ಸಂಗೀತ ಮೇಲೇಳುತ್ತದೆ. ಅತ್ತ ಬಾಲ ಎತ್ತಿ ಇತ್ತ ಅದರ ಮೇಲೆ ಸಂಗೀತ ಸುರಿದಂತಾಗುತ್ತದೆ.

ಸ್ಪ್ರೇ ದೃಶ್ಯವನ್ನು −12ರಿಂದ −17ಕ್ಕೆ, ಟೈಟಲನ್ನು −15ಕ್ಕೆ ಇಳಿಸಲಾಯಿತು. ಪಂಪಿನ ಸದ್ದು ಮಾತಿಗಿಂತ ಮೆಲ್ಲಗಿದ್ದರೆ ಅದು ಪಂಪೇ ಅಲ್ಲ ಎಂಬ ಅಳುಕು ಬೇಡ. ಎಂಜಿನ್ನಿನ ಅಬ್ಬರ ಗೊತ್ತಾಗುವುದು ಅದರ ಬಣ್ಣದಿಂದ; ಫೋನು ಹಿಡಿದವರಿಗೆ ಬೇಕಾದದ್ದು ಬೆರಳು ವಾಲ್ಯೂಮ್ ಗುಂಡಿಗೆ ಹೋಗದಿರುವುದು.

ಮಾಸ್ಟರ್‌ನಲ್ಲಿ ಒಂದು ಲಿಮಿಟರ್, ಟ್ರೂ ಪೀಕ್ −1 ಡೆಸಿಬೆಲ್. ಅಪ್‌ಲೋಡ್ ಆದ ಮೇಲೆ ಧ್ವನಿ ಮತ್ತೆ ಎನ್‌ಕೋಡ್ ಆಗುವಾಗ ತುದಿಗಳು ಕೊಂಚ ಮೇಲೆ ಚಿಮ್ಮುತ್ತವೆ. 0ಗೆ ಮುಟ್ಟಿಸಿಟ್ಟರೆ ಅಲ್ಲಿ ಒಡೆಯುತ್ತದೆ. ಒಟ್ಟಾರೆ ಅಂಕಿ −15.3 ಬಂತು. ಇನ್ನೂ 1.3 ಎತ್ತಿ ಸರಿಯಾಗಿ −14 ಮಾಡುವ ಆಸೆಗೆ ಬೀಳಲಿಲ್ಲ. ಆ ವ್ಯತ್ಯಾಸ ಯಾರ ಕಿವಿಗೂ ತಾಕದು. ಅಷ್ಟಕ್ಕಾಗಿ ಲಿಮಿಟರ್ ಪ್ರತಿ ‘ಪ’, ‘ತ’ವನ್ನು ಕಚ್ಚುವುದು ಫೋನಿನಲ್ಲಿ ತಾಕುತ್ತದೆ.

ಕೊನೆಯ ಪದ ಬರೆಸುವ ಪರೀಕ್ಷೆ

ಎಡಿಟ್ ಮಾಡಿದವರು ಪರೀಕ್ಷೆ ಮಾಡಬಾರದು. ನೂರು ಸಲ ಕೇಳಿದ ವಾಕ್ಯವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ವಿಡಿಯೋ ನೋಡಿರದ ಇಬ್ಬರನ್ನು ಅಡುಗೆಮನೆಯಲ್ಲಿ ಕೂರಿಸಿ, ಫ್ಯಾನ್ ಹಾಕಿ, ಸಾಧಾರಣ ಬೆಲೆಯ ಫೋನನ್ನು ಒಂದು ತೋಳಿನಳತೆ ದೂರದಲ್ಲಿಟ್ಟು, ವಾಲ್ಯೂಮ್ ಮುಕ್ಕಾಲು ಮಾಡಿ 12 ವಾಕ್ಯ ಕೇಳಿಸಲಾಯಿತು. ಪ್ರತಿ ವಾಕ್ಯದ ಕೊನೆಯ ಪದ ಬರೆಯುವುದಷ್ಟೇ ಅವರ ಕೆಲಸ. ಹಳೆಯ ಮಿಕ್ಸ್‌ನಲ್ಲಿ ಇಬ್ಬರೂ 5 ವಾಕ್ಯಗಳ ಕೊನೆಯನ್ನು ತಪ್ಪಿದರು ಅಥವಾ ಖಾಲಿ ಬಿಟ್ಟರು. ಹೊಸದನ್ನು ಕೇಳಿದ ಇನ್ನೊಂದು ಜೋಡಿಯಲ್ಲಿ ಇಬ್ಬರಿಗೂ ತಪ್ಪಿದ್ದು ಒಂದೇ, ಅದೂ ಒಂದೇ ವಾಕ್ಯ. ಎರಡು ಮಿಕ್ಸ್‌ಗಳಿಗೆ ಬೇರೆ ಬೇರೆ ಜೋಡಿಯನ್ನು ಕೂರಿಸಬೇಕು, ಇಲ್ಲದಿದ್ದರೆ ಮೊದಲ ಸಲದ ನೆನಪು ಎರಡನೆಯದಕ್ಕೆ ಸಹಾಯ ಮಾಡುತ್ತದೆ.

ಯೂಟ್ಯೂಬ್ ಆ್ಯಪ್‌ನಲ್ಲೇ ಕೇಳಿಸುವುದಾದರೆ ಸೆಟ್ಟಿಂಗ್‌ನಲ್ಲಿರುವ `Stable volume` ಆಫ್ ಮಾಡಿ. ಅದು ಜೋರು–ಮೆಲು ಅಂತರವನ್ನು ತಾನೇ ಕುಗ್ಗಿಸುತ್ತದೆ. ನಿಮ್ಮ ಮಿಕ್ಸಿನ ದೋಷ ಅದರಡಿ ಮುಚ್ಚಿಹೋಗುತ್ತದೆ. ಹೆಡ್‌ಫೋನಿನ ಪರೀಕ್ಷೆಗೆ ಬೇರೆಯದೇ ಕಿವಿ ಬೇಕು: ನಿಶ್ಶಬ್ದ ಕೋಣೆಯಲ್ಲಿ, ಮೆಲು ವಾಲ್ಯೂಮಿನಲ್ಲಿ, ಪದಗಳನ್ನು ಬಿಟ್ಟು ಪದಗಳ ನಡುವಿನದನ್ನು ಕೇಳಬೇಕು. ಕತ್ತರಿಸಿದ ಜಾಗದ ಚಿಟಿಕೆ, ಹಿನ್ನೆಲೆ ತಟಕ್ಕನೆ ನಿಂತು ಮತ್ತೆ ಶುರುವಾಗುವ ತೂತು, ಎತ್ತಿದ ಬಾಲದ ಜೊತೆ ಎದ್ದ ಉಸಿರು ಸಿಗುವುದು ಅಲ್ಲೇ. ಇಲ್ಲಿ ಮೂರು ಚಿಟಿಕೆ, ಒಂದು ತೂತು ಸಿಕ್ಕವು. ತೂತನ್ನು ಆ 40 ಸೆಕೆಂಡಿನ ತೋಟದ ಸದ್ದಿನಿಂದಲೇ ಮುಚ್ಚಲಾಯಿತು.

ಇಬ್ಬರಿಗೂ ತಪ್ಪಿದ ಆ ಒಂದು ವಾಕ್ಯ: ‘ಕಬ್ಬಿಣದ ಬಕೆಟ್ ತಗೋಬೇಡಿ.’ ‘ತಗೋಬೇಡಿ’ ಎನ್ನುವಾಗ ಕೃಷಿಕರು ಡ್ರಮ್ಮಿನ ಕಡೆಗೆ ತಿರುಗಿ ಬಗ್ಗಿದ್ದರು. ಮೈಕು ಅಂಗಿಯ ಮಡಿಕೆಗೆ ಸಿಕ್ಕಿ ಆ ಪದ −39ರಲ್ಲಿ, ಜೀರುಂಡೆಗಿಂತಲೂ ಕೆಳಗೆ ಬಿದ್ದಿತ್ತು. 10 ಡೆಸಿಬೆಲ್ ಎತ್ತಿದರೆ ಅದರ ಜೊತೆ ಬಟ್ಟೆಯ ಸರಸರವೇ ಎದ್ದು ಬರುತ್ತಿತ್ತು. ಸದ್ದಿಗಿಂತ ಕೆಳಗೆ ದಾಖಲಾದ ಪದವನ್ನು ಮಿಕ್ಸಿಂಗ್ ಮೇಲೆ ತರಲಾರದು. ಅದೇ ಕಾಲರ್ ಮೈಕನ್ನು ಎದೆಯ ಅದೇ ಎತ್ತರಕ್ಕೆ ಸಿಕ್ಕಿಸಿ, ಅವರ ಮನೆಯ ಬಟ್ಟೆ–ಹಾಸಿಗೆ ತುಂಬಿದ ಕೋಣೆಯಲ್ಲಿ ಆ ವಾಕ್ಯವನ್ನು ಮೂರು ಸಲ ಹೇಳಿಸಿ, ಎರಡನೆಯದನ್ನು ಆರಿಸಿ, ಕೆಳಗೆ ತೋಟದ ಸದ್ದು ಹಾಸಿ ಕೂರಿಸಲಾಯಿತು. ಚಿತ್ರದಲ್ಲಿ ಅವರ ಬೆನ್ನು ಕಾಣುತ್ತಿದ್ದುದರಿಂದ ತುಟಿ ಹೊಂದಿಸುವ ಕಷ್ಟ ಬರಲಿಲ್ಲ. ಮತ್ತೆ ಅಪ್‌ಲೋಡ್ ಮಾಡಿದ ಮೇಲೆ ಯೂಟ್ಯೂಬ್‌ನ `Stats for nerds` ತೆರೆದು ನೋಡಿದಾಗ ಸಾಲು ಹೀಗಿತ್ತು:

```
Volume / Normalized  100% / 100% (content loudness -1.3dB)
```